ಗ್ರಾಫ್ ಹಾಳೆಯ ಮೇಲೆ ಒಂದು ಪೆಟ್ರೋಲ್ ಎಂಜಿನ್, ಒಂದು ಡೀಸೆಲ್ ಎಂಜಿನ್: ಪಿ–ವಿ ನಕ್ಷೆ ಬರೆದು ದಕ್ಷತೆ ಲೆಕ್ಕ ಹಾಕುವುದು ಹೇಗೆ

ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್‌ಗಿಂತ ಹೆಚ್ಚು ಮೈಲೇಜ್ ಏಕೆ ಕೊಡುತ್ತದೆ ಎಂದು ಕೇಳಿದರೆ ಡಿಪ್ಲೊಮಾ ವಿದ್ಯಾರ್ಥಿಗಳಿಂದ ತಕ್ಷಣ ಬರುವ ಉತ್ತರ: ‘ಕಂಪ್ರೆಷನ್ ರೇಶಿಯೊ ಜಾಸ್ತಿ ಸರ್.’ ಉತ್ತರ ಸರಿ. ಆದರೆ ಗಾಳಿಯನ್ನು ಹೆಚ್ಚು ಅದುಮಬೇಕಾದರೆ ಎಂಜಿನ್ ತನ್ನದೇ ಶಕ್ತಿಯನ್ನು ಹೆಚ್ಚು ಖರ್ಚು ಮಾಡಬೇಕಲ್ಲ, ಖರ್ಚು ಹೆಚ್ಚಾದರೆ ಲಾಭ ಹೇಗೆ ಹೆಚ್ಚುತ್ತದೆ ಎಂದು ಮರುಪ್ರಶ್ನೆ ಹಾಕಿದರೆ ತರಗತಿ ಸುಮ್ಮನಾಗುತ್ತದೆ. ಪುಸ್ತಕದ ಸೂತ್ರ ಈ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ. ಕೈಯಾರೆ ಬರೆದ ನಕ್ಷೆ ಹೇಳುತ್ತದೆ. ಒಂದು ಗ್ರಾಫ್ ಹಾಳೆ, ಪೆನ್ಸಿಲ್, ಘಾತ ಲೆಕ್ಕ ಮಾಡುವ ಕ್ಯಾಲ್ಕುಲೇಟರ್ ಹಿಡಿದು ಕುಳಿತರೆ ಒಂದು ಸಂಜೆಯ ಕೆಲಸ.

ಮೊದಲು ಎಂಜಿನ್ನಿನ ಅಳತೆ

ನಮ್ಮ ರಸ್ತೆಗಳಲ್ಲಿ ಓಡಾಡುವ 100 ಸಿಸಿ ಬೈಕನ್ನೇ ತೆಗೆದುಕೊಳ್ಳೋಣ. ಬೋರ್ 50 ಮಿ.ಮೀ., ಸ್ಟ್ರೋಕ್ 49.5 ಮಿ.ಮೀ. ಸಿಲಿಂಡರಿನ ಅಡ್ಡಕೊಯ್ತದ ವಿಸ್ತೀರ್ಣ 19.63 ಚದರ ಸೆಂ.ಮೀ. ಅದನ್ನು 4.95 ಸೆಂ.ಮೀ.ನಿಂದ ಗುಣಿಸಿದರೆ 97.2 ಸಿಸಿ. ಪಿಸ್ಟನ್ ಕೆಳಗಿನಿಂದ ಮೇಲಕ್ಕೆ ಬರುವಾಗ ಗುಡಿಸಿಕೊಂಡು ಬರುವ ಜಾಗ ಇದು. ಪಿಸ್ಟನ್ ಪೂರ್ತಿ ಮೇಲೆ ಬಂದ ಮೇಲೂ ಹೆಡ್ಡಿನಲ್ಲಿ ಸ್ವಲ್ಪ ಜಾಗ ಉಳಿಯುತ್ತದೆ. ಅದು ಕ್ಲಿಯರೆನ್ಸ್ ಗಾತ್ರ.

ಈ ಉಳಿದ ಜಾಗವನ್ನು ನೀವೇ ಅಳೆಯಬಹುದು. ತಣ್ಣಗಿರುವ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿ, ಎರಡೂ ವಾಲ್ವ್ ಮುಚ್ಚಿರುವ ಸ್ಥಿತಿಯಲ್ಲಿ ಪಿಸ್ಟನ್ನನ್ನು ಮೇಲಿನ ತುದಿಗೆ ತನ್ನಿ. ಪ್ಲಗ್ ತೂತು ಎಲ್ಲಕ್ಕಿಂತ ಮೇಲೆ ಬರುವಂತೆ ಬೈಕ್ ವಾಲಿಸಿ, 20 ಮಿ.ಲೀ. ಸಿರಿಂಜಿನಿಂದ ತೆಳು ಎಣ್ಣೆ ಬಿಡುತ್ತಾ ಹೋಗಿ. ಎಣ್ಣೆ ಪ್ಲಗ್ ತೂತಿನ ಥ್ರೆಡ್ಡಿನ ಕೆಳ ಅಂಚಿಗೆ ಬಂದಾಗ ನಿಲ್ಲಿಸಿ. ಒಳಗೆ ಹೋದ ಎಣ್ಣೆಯೇ ಕ್ಲಿಯರೆನ್ಸ್ ಗಾತ್ರ. ಅಳತೆ ಮುಗಿದ ಮೇಲೆ ಆ ಎಣ್ಣೆಯನ್ನು ಸಿರಿಂಜಿನಿಂದಲೇ ಪೂರ್ತಿ ಹೊರಗೆಳೆಯಲು ಮರೆಯಬೇಡಿ. ದ್ರವ ಅದುಮಿಕೊಳ್ಳುವುದಿಲ್ಲ. ಅದು ಒಳಗಿರುವಾಗ ಪ್ಲಗ್ ಹಾಕಿ ಕಿಕ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಗ್ಗಬಹುದು.

ನಮಗೆ 12.15 ಸಿಸಿ ಬಂತು ಎಂದಿಟ್ಟುಕೊಳ್ಳಿ. ಪಿಸ್ಟನ್ ಕೆಳಗಿದ್ದಾಗ ಒಟ್ಟು ಗಾತ್ರ 97.2 + 12.15 = 109.35 ಸಿಸಿ. ಇದನ್ನು 12.15ರಿಂದ ಭಾಗಿಸಿದರೆ 9. ಇದೇ ಕಂಪ್ರೆಷನ್ ರೇಶಿಯೊ, ಸೂತ್ರದಲ್ಲಿ r. ಇಲ್ಲಿ ಬಹಳ ಮಂದಿ 97.2ನ್ನೇ 12.15ರಿಂದ ಭಾಗಿಸಿ 8 ಎಂದು ಬರೆದುಬಿಡುತ್ತಾರೆ. ಒಟ್ಟು ಗಾತ್ರವನ್ನು ಭಾಗಿಸಬೇಕು, ಗುಡಿಸಿದ ಗಾತ್ರವನ್ನಲ್ಲ.

ಪೆಟ್ರೋಲ್ ಎಂಜಿನ್ನಿನ ನಾಲ್ಕು ಮೂಲೆಗಳು

ಗ್ರಾಫಿನ ಅಡ್ಡ ಗೆರೆಯಲ್ಲಿ ಗಾತ್ರ, 1 ಸೆಂ.ಮೀ.ಗೆ 10 ಸಿಸಿ. ನೇರ ಗೆರೆಯಲ್ಲಿ ಒತ್ತಡ, 1 ಸೆಂ.ಮೀ.ಗೆ 5 ಬಾರ್. ಮೇಲೆ 90 ಬಾರ್‌ವರೆಗೆ ಜಾಗ ಬಿಡಿ. ಒಳಗಿರುವುದು ಬರೀ ಗಾಳಿ, ಅದರ ಎರಡು ವಿಶಿಷ್ಟ ಶಾಖಗಳ ಅನುಪಾತವಾದ γ ಬೆಲೆ 1.4, ಗೋಡೆಗಳಿಗೆ ಶಾಖ ಸೋರುವುದಿಲ್ಲ, ಬೆಂಕಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ ಎಂದು ಸದ್ಯಕ್ಕೆ ಒಪ್ಪಿಕೊಳ್ಳೋಣ. ಇದೇ ಆಟೊ ಸೈಕಲ್. 1876ರಲ್ಲಿ ನಾಲ್ಕು ಸ್ಟ್ರೋಕಿನ ಎಂಜಿನ್ ಓಡಿಸಿದ ಜರ್ಮನಿಯ ನಿಕೋಲಸ್ ಆಟೊ ಅವರ ಹೆಸರು ಇದಕ್ಕಿದೆ.

ಒಂದನೇ ಮೂಲೆ: ಗಾತ್ರ 109.35 ಸಿಸಿ, ಒತ್ತಡ 1 ಬಾರ್, ತಾಪ 27 ಡಿಗ್ರಿ ಸೆಲ್ಸಿಯಸ್, ಅಂದರೆ 300 ಕೆಲ್ವಿನ್. ಲೆಕ್ಕ ಮುಗಿಯುವವರೆಗೂ ಕೆಲ್ವಿನ್‌ನಲ್ಲೇ ಇರಿ. ಒಮ್ಮೆ ಒಬ್ಬ ಹುಡುಗ 27ನ್ನೇ ಇಟ್ಟುಕೊಂಡು ಅದುಮಿದ ಗಾಳಿಯ ತಾಪ 65 ಡಿಗ್ರಿ ಎಂದು ತಂದು ತೋರಿಸಿದ. ಅವನ ಸೂತ್ರದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಎರಡನೇ ಮೂಲೆ, ಗಾಳಿ ಅದುಮಿದ ಮೇಲೆ:

```
P2 = P1 × r^γ     = 1 × 9^1.4   = 21.7 bar
T2 = T1 × r^(γ−1) = 300 × 9^0.4 = 722 K
```

ಗಾತ್ರ ಒಂಬತ್ತನೇ ಒಂದು ಭಾಗವಾದರೂ ಒತ್ತಡ ಒಂಬತ್ತು ಪಟ್ಟಿಗೆ ನಿಲ್ಲಲಿಲ್ಲ, 21.7 ಪಟ್ಟಾಯಿತು. ಅದುಮುವಾಗ ಗಾಳಿ ಕಾಯುವುದೇ ಕಾರಣ. ಸೈಕಲ್ ಪಂಪು ಹೊಡೆಯುವಾಗ ಅದರ ತುದಿ ಬಿಸಿಯಾಗುವುದನ್ನು ಮುಟ್ಟಿ ನೋಡಿದವರಿಗೆ ಇದು ಗೊತ್ತು.

ಮೂರನೇ ಮೂಲೆ: ಪಿಸ್ಟನ್ ಅಲುಗುವ ಮೊದಲೇ ಬೆಂಕಿ ಹತ್ತಿ ಮುಗಿಯಿತು. ಪ್ರತಿ ಕೆ.ಜಿ. ಗಾಳಿಗೆ 1500 ಕಿಲೋಜೂಲ್ ಶಾಖ ಕೊಡೋಣ. ಪೆಟ್ರೋಲು ಕೊಡುವ ಶಾಖ ಇದಕ್ಕಿಂತ ಹೆಚ್ಚು. ಆದರೆ ಬರೀ ಗಾಳಿಯ ಲೆಕ್ಕಕ್ಕೆ ಅಷ್ಟನ್ನೂ ಸುರಿದರೆ ನಿಜವಾದ ಸಿಲಿಂಡರಿನಲ್ಲಿ ಎಂದೂ ಕಾಣದ ತಾಪ ಬರುತ್ತದೆ. ಅದಕ್ಕಾಗಿ ಈ ಮಿತಿ. ಗಾತ್ರ ಬದಲಾಗದಿದ್ದಾಗ ಒಂದು ಕೆ.ಜಿ. ಗಾಳಿಯನ್ನು ಒಂದು ಡಿಗ್ರಿ ಕಾಯಿಸಲು 0.718 ಕಿಲೋಜೂಲ್ ಬೇಕು. 1500ನ್ನು ಅದರಿಂದ ಭಾಗಿಸಿದರೆ 2089 ಡಿಗ್ರಿ ಏರಿಕೆ. ತಾಪ 2811 ಕೆಲ್ವಿನ್, ಒತ್ತಡ 84.3 ಬಾರ್. ಗಾತ್ರ ಬದಲಾಗದೆ ಒತ್ತಡ ಮಾತ್ರ ಏರಿದ್ದರಿಂದ ನಕ್ಷೆಯಲ್ಲಿ ಇದು ನೆಟ್ಟಗೆ ಮೇಲೇರುವ ಗೆರೆ.

ನಾಲ್ಕನೇ ಮೂಲೆ: ಅನಿಲ ಹಿಗ್ಗಿ ಪಿಸ್ಟನ್ನನ್ನು ಕೆಳಗೆ ತಳ್ಳಿತು. 84.3ನ್ನು 21.67ರಿಂದ ಭಾಗಿಸಿದರೆ 3.89. ಇಲ್ಲೊಂದು ಸುಲಭದ ದಾರಿ ಇದೆ. ಅದುಮುವ ಗೆರೆಯ ಯಾವುದೇ ಬಿಂದುವಿನ ಒತ್ತಡವನ್ನು 3.89ರಿಂದ ಗುಣಿಸಿದರೆ, ಅದೇ ಗಾತ್ರದಲ್ಲಿ ಹಿಗ್ಗುವ ಗೆರೆಯ ಒತ್ತಡ ಸಿಗುತ್ತದೆ. ಹಾಗಾಗಿ ಒಂದೇ ಗೆರೆಯ ಲೆಕ್ಕ ಮಾಡಿದರೆ ಸಾಕು.

| ಗಾತ್ರ (ಸಿಸಿ) | ಅದುಮುವಾಗ (ಬಾರ್) | ಹಿಗ್ಗುವಾಗ (ಬಾರ್) |
|---|---|---|
| 109.35 | 1.0 | 3.9 |
| 80 | 1.55 | 6.0 |
| 60 | 2.3 | 9.0 |
| 40 | 4.1 | 15.9 |
| 20 | 10.8 | 42.0 |
| 12.15 | 21.7 | 84.3 |

ಬಿಂದುಗಳನ್ನು ಕೈಯಿಂದಲೇ ನಯವಾಗಿ ಸೇರಿಸಿ, ಸ್ಕೇಲ್ ಇಡಬೇಡಿ. ಎರಡು ಬಾಗಿದ ಗೆರೆಗಳ ನಡುವೆ, ಎಡಕ್ಕೆ ಕಡಿದಾಗಿ ಎದ್ದು ಬಲಕ್ಕೆ ಬಾಲದಂತೆ ಇಳಿಯುವ ಒಂದು ಆಕಾರ ಮೂಡುತ್ತದೆ.

ಚೌಕ ಎಣಿಸಿ

ಆ ಆಕಾರದ ವಿಸ್ತೀರ್ಣವೇ ಎಂಜಿನ್ ಮಾಡಿದ ಕೆಲಸ. ಮೇಲಿನ ಗೆರೆಯ ಕೆಳಗಿರುವುದೆಲ್ಲ ಅನಿಲ ಪಿಸ್ಟನ್ನಿಗೆ ಕೊಟ್ಟದ್ದು, ಕೆಳಗಿನ ಗೆರೆಯ ಕೆಳಗಿರುವುದು ಪಿಸ್ಟನ್ ಅನಿಲಕ್ಕೆ ಹಿಂದಿರುಗಿಸಿದ್ದು. ನಡುವೆ ಉಳಿದದ್ದು ನಮ್ಮ ಚಕ್ರಕ್ಕೆ. ನಮ್ಮ ಅಳತೆಯಲ್ಲಿ ಒಂದು ಚದರ ಸೆಂ.ಮೀ. ಎಂದರೆ 50 ಬಾರ್-ಸಿಸಿ, ಅಂದರೆ 5 ಜೂಲ್. ಎಣಿಸಿದರೆ 22 ಚೌಕಕ್ಕೆ ಸ್ವಲ್ಪ ಹೆಚ್ಚು ಬರುತ್ತದೆ, ಸುಮಾರು 111 ಜೂಲ್.

ಕೊಟ್ಟ ಶಾಖ ಎಷ್ಟು? 109.35 ಸಿಸಿ ಗಾಳಿಯ ತೂಕ 0.127 ಗ್ರಾಂ. 1500ರ ಲೆಕ್ಕದಲ್ಲಿ 190.5 ಜೂಲ್. 111ನ್ನು 190.5ರಿಂದ ಭಾಗಿಸಿದರೆ ಶೇ 58ರ ಮೇಲೆ. ಸೂತ್ರವೂ ಅದನ್ನೇ ಹೇಳುತ್ತದೆ:

```
η = 1 − 1/r^(γ−1) = 1 − 1/9^0.4 = 0.585
```

ಚೌಕ ಎಣಿಸಿದ ಮೇಲೆ ಸೂತ್ರ ಹಾಕಿ, ಮೊದಲೇ ಹಾಕಬೇಡಿ. ಎರಡೂ ಕೂಡಿ ಬಂದಾಗಲೇ ಸೂತ್ರದ ಮೇಲೆ ನಂಬಿಕೆ ಹುಟ್ಟುವುದು.

ಈಗ ಆರಂಭದ ಪ್ರಶ್ನೆಗೆ ಬರೋಣ. ಕೆಳಗಿನ ಗೆರೆಯ ಕೆಳಗಿನ ವಿಸ್ತೀರ್ಣವನ್ನಷ್ಟೇ ಲೆಕ್ಕ ಹಾಕಿದರೆ 38.5 ಜೂಲ್. ಅದುಮಲು ಖರ್ಚಾದದ್ದು ಇಷ್ಟು. ಅದು ಶಾಖದ ಜೊತೆ ಅನಿಲದಲ್ಲೇ ಉಳಿದು, ಹಿಗ್ಗುವಾಗ ವಾಪಸು ಬಂದುಬಿಡುತ್ತದೆ. ಹಾಗಾದರೆ ನಿಜವಾದ ನಷ್ಟ ಎಲ್ಲಿದೆ? ನಾಲ್ಕನೇ ಮೂಲೆಯಲ್ಲಿ. ಪಿಸ್ಟನ್ ಕೆಳಗೆ ಬಂದು ಮುಟ್ಟಿದಾಗಲೂ ಅನಿಲದಲ್ಲಿ 3.9 ಬಾರ್ ಒತ್ತಡ, 1167 ಕೆಲ್ವಿನ್ ತಾಪ ಉಳಿದಿದೆ. ಇನ್ನೂ ತಳ್ಳುವ ಕಸುವಿದೆ, ಆದರೆ ಸ್ಟ್ರೋಕ್ ಮುಗಿಯಿತು. ವಾಲ್ವ್ ತೆರೆದ ಕೂಡಲೇ ಅದೆಲ್ಲ ಸೈಲೆನ್ಸರ್ ಪಾಲು. ಬೈಕಿನ ಢಬ ಢಬ ಸದ್ದು ಈ ಉಳಿದ ಒತ್ತಡದ್ದೇ.

ಅಂದರೆ ಕಂಪ್ರೆಷನ್ ರೇಶಿಯೊದ ಲಾಭ ಅದುಮುವುದರಲ್ಲಿಲ್ಲ, ಹಿಗ್ಗಲು ಬಿಡುವುದರಲ್ಲಿದೆ. ಪಿಸ್ಟನ್ ಹೋದ ದಾರಿಯಲ್ಲೇ ಹಿಂದಿರುಗುವುದರಿಂದ ಒಂಬತ್ತು ಪಟ್ಟು ಅದುಮಿದ ಎಂಜಿನ್ನಿನಲ್ಲಿ ಬಿಸಿ ಅನಿಲ ಒಂಬತ್ತು ಪಟ್ಟು ಹಿಗ್ಗಬಹುದು, ಅದಕ್ಕಿಂತ ಹೆಚ್ಚಲ್ಲ.

ಹಾಗೆಂದು ರೇಶಿಯೊ ಏರಿಸುತ್ತ ಹೋದಷ್ಟೂ ಅಷ್ಟೇ ಲಾಭ ಬರುವುದಿಲ್ಲ. ನಿಮ್ಮ ನಕ್ಷೆಯಲ್ಲಿ 60 ಸಿಸಿಯ ಬಳಿ ಒಂದು ನೇರ ಗೆರೆ ಎಳೆಯಿರಿ. ಅದು ಸ್ಟ್ರೋಕಿನ ಸುಮಾರು ಅರ್ಧ. ಅದರ ಬಲಕ್ಕಿರುವ ಚೌಕಗಳನ್ನು ಎಣಿಸಿದರೆ ನಾಲ್ಕೂಕಾಲು, ಅಂದರೆ 21 ಜೂಲ್ ಮಾತ್ರ. ಸ್ಟ್ರೋಕಿನ ಕೊನೆಯ ಅರ್ಧ ಭಾಗ ಕೆಲಸದ ಐದನೇ ಒಂದು ಪಾಲನ್ನಷ್ಟೇ ಕೊಡುತ್ತದೆ. ಬಾಲ ತೆಳ್ಳಗಾಗುತ್ತ ಹೋಗುತ್ತದೆ. ಸೂತ್ರದಲ್ಲೂ ಹಾಗೆಯೇ: ರೇಶಿಯೊ 8ಕ್ಕೆ ಶೇ 56.5, 10ಕ್ಕೆ 60.2, 12ಕ್ಕೆ 63, 14ಕ್ಕೆ 65.2.

ಡೀಸೆಲ್ ನಕ್ಷೆ

ಇದಕ್ಕೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಸಾಮಾನ್ಯವಾಗಿ ಕಾಣುವ ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್ ಸಾಕು. ಬೋರ್ 87.5 ಮಿ.ಮೀ., ಸ್ಟ್ರೋಕ್ 110 ಮಿ.ಮೀ., ಗಾತ್ರ 661 ಸಿಸಿ, ರೇಶಿಯೊ 17.5. ಕ್ಲಿಯರೆನ್ಸ್ 661.5 ÷ 16.5 = 40.1 ಸಿಸಿ. ಒಟ್ಟು 701.6 ಸಿಸಿ.

ಅದುಮಿದ ಮೇಲೆ ಒತ್ತಡ 55 ಬಾರ್, ತಾಪ 943 ಕೆಲ್ವಿನ್, ಅಂದರೆ 670 ಡಿಗ್ರಿ ಸೆಲ್ಸಿಯಸ್. ಈ ಗಾಳಿಗೆ ಡೀಸೆಲನ್ನು ಸಿಂಪಡಿಸಿದರೆ ಸ್ಪಾರ್ಕ್ ಇಲ್ಲದೆ ಹತ್ತಿಕೊಳ್ಳುತ್ತದೆ. ಇಲ್ಲಿಂದ ನಕ್ಷೆ ಬೇರೆ ದಾರಿ ಹಿಡಿಯುತ್ತದೆ. ಇಂಜೆಕ್ಟರ್ ಇಂಧನವನ್ನು ಸ್ವಲ್ಪ ಹೊತ್ತು ಬಿಡುತ್ತಲೇ ಇರುತ್ತದೆ. ಅಷ್ಟರಲ್ಲಿ ಪಿಸ್ಟನ್ ಇಳಿಯತೊಡಗಿರುತ್ತದೆ. ಉರಿ ಒತ್ತಡವನ್ನು ಏರಿಸಲು ನೋಡುತ್ತದೆ, ಹಿಗ್ಗುವ ಜಾಗ ಇಳಿಸಲು ನೋಡುತ್ತದೆ. ಎರಡೂ ಸರಿದೂಗಿ ಒತ್ತಡ 55 ಬಾರಿನಲ್ಲೇ ನಿಲ್ಲುತ್ತದೆ ಎಂಬುದು ಡೀಸೆಲ್ ಸೈಕಲಿನ ಊಹೆ. ನಕ್ಷೆಯಲ್ಲಿ ಮೊನಚು ಶಿಖರದ ಬದಲು ಚಪ್ಪಟೆ ನೆತ್ತಿ ಬರುತ್ತದೆ.

ಇಂಧನ ನಿಲ್ಲುವ ಹೊತ್ತಿಗೆ ಗಾತ್ರ ಎರಡು ಪಟ್ಟಾಗಿ 80.2 ಸಿಸಿ ಆಗಿದೆ ಎನ್ನೋಣ. ಈ ಎರಡು ಎಂಬ ಸಂಖ್ಯೆಗೆ ಕಟ್-ಆಫ್ ರೇಶಿಯೊ ಎಂದು ಹೆಸರು, ಸೂತ್ರದಲ್ಲಿ ρ. ಕೇಳಲು ದೊಡ್ಡದೆನಿಸಿದರೂ 110 ಮಿ.ಮೀ. ಸ್ಟ್ರೋಕಿನಲ್ಲಿ ಪಿಸ್ಟನ್ ಇಳಿದದ್ದು 6.7 ಮಿ.ಮೀ. ಮಾತ್ರ. ತಾಪವೂ ಎರಡು ಪಟ್ಟಾಗಿ 1886 ಕೆಲ್ವಿನ್. ಅಲ್ಲಿಂದ ಹಿಗ್ಗಿ ಕೆಳಗೆ ಬಂದಾಗ 2.64 ಬಾರ್, 792 ಕೆಲ್ವಿನ್.

```
η = 1 − (1/r^(γ−1)) × (ρ^γ − 1) / (γ(ρ − 1))
  = 1 − 0.318 × 1.17 = 0.627
```

ಶೇ 62.7. ಇದೇ 17.5 ರೇಶಿಯೊದಲ್ಲಿ ಆಟೊ ಸೈಕಲ್ ನಡೆಸಲು ಸಾಧ್ಯವಿದ್ದಿದ್ದರೆ ಶೇ 68.2 ಬರುತ್ತಿತ್ತು. ರೇಶಿಯೊ ಒಂದೇ ಆದರೆ ಪೆಟ್ರೋಲ್ ಸೈಕಲೇ ಮೇಲು ಎಂಬುದನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡುತ್ತಾರೆ. ಕಾರಣ ನಕ್ಷೆಯಲ್ಲಿದೆ. ಡೀಸೆಲಿನ ಮೊದಲ ಹನಿ 40.1 ಸಿಸಿಯಲ್ಲಿ ಉರಿದು 701.6 ಸಿಸಿವರೆಗೆ, ಅಂದರೆ 17.5 ಪಟ್ಟು ಹಿಗ್ಗಿತು. ಅದರ ಪಾಲಿನ ದಕ್ಷತೆ ಶೇ 68.2. ಕೊನೆಯ ಹನಿ ಉರಿದದ್ದು 80.2 ಸಿಸಿಯಲ್ಲಿ. ಅದಕ್ಕೆ ಹಿಗ್ಗಲು ಸಿಕ್ಕಿದ್ದು 8.75 ಪಟ್ಟು ಮಾತ್ರ, ನಮ್ಮ ಬೈಕಿಗಿಂತ ಒಂದು ಕೂದಲು ಕಡಿಮೆ. ಅದರ ದಕ್ಷತೆ ಶೇ 58. ಎಲ್ಲ ಹನಿಗಳ ಸರಾಸರಿಯೇ 62.7. ಆ ಉದ್ದದ ಸೂತ್ರ ಮಾಡುವುದು ಈ ಸರಾಸರಿಯ ಲೆಕ್ಕವನ್ನೇ. ಇದು ಒಮ್ಮೆ ಕಣ್ಣಿಗೆ ಬಿದ್ದರೆ ಸೂತ್ರ ಮರೆತರೂ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ.

ಇದರಿಂದ ಇನ್ನೊಂದು ಸಂಗತಿಯೂ ಹೊರಬೀಳುತ್ತದೆ. ಲೋಡ್ ಕಡಿಮೆಯಾದಾಗ ಡೀಸೆಲ್ ಎಂಜಿನ್ ಇಂಧನವನ್ನು ಬೇಗ ನಿಲ್ಲಿಸುತ್ತದೆ. ತಡವಾಗಿ ಉರಿಯುವ ಹನಿಗಳೇ ಇಲ್ಲವಾಗುತ್ತವೆ, ಹಾಗಾಗಿ ಸೈಕಲಿನ ದಕ್ಷತೆ ಏರುತ್ತದೆ. ಪೆಟ್ರೋಲ್ ಎಂಜಿನ್ ಲೋಡ್ ಇಳಿದಾಗ ಥ್ರಾಟಲ್ ಮುಚ್ಚಿಕೊಂಡು ಗಾಳಿಯನ್ನು ಕಷ್ಟಪಟ್ಟು ಎಳೆಯಬೇಕು. ನಕ್ಷೆಯ ಬುಡದಲ್ಲಿ ಇದು ಒಂದು ಸಣ್ಣ ಉಲ್ಟಾ ಸುತ್ತಾಗಿ ಕಾಣುತ್ತದೆ, ಅಷ್ಟು ವಿಸ್ತೀರ್ಣವನ್ನು ಕಳೆಯಬೇಕು. ಊರೊಳಗೆ ನಿಧಾನಕ್ಕೆ ಓಡುವ ವಾಹನದಲ್ಲಿ ಡೀಸೆಲಿನ ಮೈಲೇಜ್ ಎದ್ದು ಕಾಣಲು ಇದು ದೊಡ್ಡ ಕಾರಣ.

ಬೈಕಿಗೂ 17.5 ಏಕೆ ಇಡುವುದಿಲ್ಲ?

ಪೆಟ್ರೋಲ್ ಎಂಜಿನ್ ಅದುಮುವುದು ಬರೀ ಗಾಳಿಯನ್ನಲ್ಲ, ಪೆಟ್ರೋಲ್ ಬೆರೆತ ಗಾಳಿಯನ್ನು. ಪ್ಲಗ್ ಬಳಿ ಹತ್ತಿದ ಬೆಂಕಿ ಸಿಲಿಂಡರನ್ನು ದಾಟಿ ಬರಬೇಕು. ಬರುತ್ತಾ ಅದು ಹಿಗ್ಗಿ, ಮೂಲೆಯಲ್ಲಿ ಇನ್ನೂ ಉರಿಯದೆ ಉಳಿದ ಮಿಶ್ರಣವನ್ನು ಮತ್ತಷ್ಟು ಅದುಮುತ್ತದೆ. ಮೊದಲೇ 722 ಕೆಲ್ವಿನ್‌ನಲ್ಲಿದ್ದ ಆ ಮಿಶ್ರಣ ಇನ್ನೂ ಕಾದು, ಬೆಂಕಿ ತಲುಪುವ ಮೊದಲೇ ಒಮ್ಮೆಗೇ ಸಿಡಿದರೆ ಅದೇ ನಾಕಿಂಗ್. ಒತ್ತಡದ ಅಲೆ ಗೋಡೆಗೆ ಬಡಿಯುತ್ತದೆ. ಘಾಟಿ ಹತ್ತುವಾಗ ಗೇರ್ ಇಳಿಸದೆ ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ ಕೇಳುವ ಟಿಣ್ ಟಿಣ್ ಲೋಹದ ಸದ್ದು ಅದು. ಎಂಜಿನ್ ನಿಧಾನಕ್ಕೆ ತಿರುಗುವುದರಿಂದ ಮೂಲೆಯ ಮಿಶ್ರಣಕ್ಕೆ ಸಿಡಿಯಲು ಸಮಯ ಸಿಗುತ್ತದೆ. ಒಂದು ಗೇರ್ ಇಳಿಸಿದಾಗ ಸದ್ದು ನಿಂತರೆ ಅದು ನಾಕಿಂಗೇ. ಬಹಳ ದಿನ ಹಾಗೇ ಓಡಿಸಿದರೆ ಪಿಸ್ಟನ್ ನೆತ್ತಿಯ ಅಂಚಿನಲ್ಲಿ ಸೂಜಿಯಿಂದ ಚುಚ್ಚಿದಂತಹ ಗುಳಿಗಳು ಬೀಳುತ್ತವೆ. ಇದನ್ನು ತಡೆದುಕೊಳ್ಳುವ ಶಕ್ತಿಯ ಅಳತೆಯೇ ಆಕ್ಟೇನ್ ಸಂಖ್ಯೆ. ಎಥನಾಲ್ ಬೆರೆಸಿದಾಗ ಅದು ಏರುತ್ತದೆ.

ಈ ಕಾರಣಕ್ಕೇ ಹೆಡ್ ಉಜ್ಜಿಸುವ ಮುನ್ನ ಲೆಕ್ಕ ಹಾಕಿ ಎನ್ನುತ್ತೇನೆ. ಪಿಕಪ್ ಹೆಚ್ಚಲಿ ಎಂದು ನಮ್ಮ ಬೈಕಿನ ಹೆಡ್ಡಿನಿಂದ 0.5 ಮಿ.ಮೀ. ತೆಗೆಸಿದರೆ ಕ್ಲಿಯರೆನ್ಸಿನಲ್ಲಿ ಹೆಚ್ಚುಕಡಿಮೆ 1 ಸಿಸಿ ಹೋಗಿ 11.17 ಉಳಿಯುತ್ತದೆ. ರೇಶಿಯೊ 9.7 ಆಯಿತು. ಸೂತ್ರದ ದಕ್ಷತೆ 58.5ರಿಂದ 59.7ಕ್ಕೆ ಏರಿತು. ಇಷ್ಟು ಲಾಭಕ್ಕೆ ನಾಕಿಂಗ್ ತಂದುಕೊಂಡರೆ, ಅದನ್ನು ನಿಲ್ಲಿಸಲು ಸ್ಪಾರ್ಕ್ ಟೈಮಿಂಗ್ ಹಿಂದಕ್ಕೆ ಸರಿಸಬೇಕಾಗುತ್ತದೆ. ಆಗ ಗಳಿಸಿದ್ದೂ ಹೋಗುತ್ತದೆ. ಹಳೆಯ ಎಂಜಿನ್ನಿನಲ್ಲಿ ಕಟ್ಟಿಕೊಂಡ 1 ಸಿಸಿ ಕಾರ್ಬನ್ ಕೂಡ ಇದೇ ಕೆಲಸ ಮಾಡುತ್ತದೆ. ಮೊದಲು ಇಲ್ಲದಿದ್ದ ನಾಕಿಂಗ್ ವರ್ಷಗಳ ನಂತರ ಶುರುವಾದರೆ ಮೊದಲು ಅದನ್ನೇ ನೋಡಿ.

ಗೇಜ್ ಬೇರೆ, ರೇಶಿಯೊ ಬೇರೆ

ಗ್ಯಾರೇಜಿನಲ್ಲಿ ‘ಕಂಪ್ರೆಷನ್ ಇಲ್ಲ’ ಎಂದರೆ ಅದು ರೇಶಿಯೊದ ಮಾತಲ್ಲ. ಪ್ಲಗ್ ತೂತಿಗೆ ಗೇಜ್ ಸಿಕ್ಕಿಸಿ, ಥ್ರಾಟಲ್ ಪೂರ್ತಿ ತೆರೆದು ಐದಾರು ಕಿಕ್ ಹೊಡೆದರೆ ಇಂತಹ ಬೈಕಿನಲ್ಲಿ 10ರಿಂದ 12 ಬಾರ್ ಕಾಣಬಹುದು. ನಕ್ಷೆ 21.7 ಎಂದಿತ್ತಲ್ಲ ಎಂದು ಗಾಬರಿಯಾಗಬೇಡಿ. ಇನ್‌ಲೆಟ್ ವಾಲ್ವ್ ಮುಚ್ಚುವುದು ಪಿಸ್ಟನ್ ಮೇಲೇರಲು ಶುರುವಾದ ಮೇಲೆ, ಅಷ್ಟರಲ್ಲಿ ಸ್ವಲ್ಪ ಗಾಳಿ ಹಿಂದೆ ಹೋಗಿರುತ್ತದೆ. ಕಿಕ್ಕಿನ ವೇಗ ಕಡಿಮೆಯಾದ್ದರಿಂದ ತಣ್ಣನೆಯ ಗೋಡೆ ಶಾಖ ಹೀರುತ್ತದೆ, ರಿಂಗಿನ ಸಂದಿಯಿಂದಲೂ ಸೋರುತ್ತದೆ. ಗೇಜ್ ತೋರಿಸುವುದು ವಾತಾವರಣಕ್ಕಿಂತ ಹೆಚ್ಚಿರುವ ಒತ್ತಡ ಎಂಬುದನ್ನೂ ನೆನಪಿಡಿ. ಅಂಕಿ ತೀರಾ ಕಡಿಮೆ ಬಂದರೆ ಒಂದು ಚಮಚ ಎಂಜಿನ್ ಆಯಿಲ್ ತೂತಿನಲ್ಲಿ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ಹುಡುಕಿ. ಡೀಸೆಲ್ ಎಂಜಿನ್ನಿನಲ್ಲಿ ಈ ಸೋರಿಕೆ ಇನ್ನೂ ಕಾಡುತ್ತದೆ. 670 ಡಿಗ್ರಿಯ ಲೆಕ್ಕ ಇದ್ದಲ್ಲಿ ಗಾಳಿ ಅಷ್ಟು ಕಾಯುವುದೇ ಇಲ್ಲ, ಚಳಿಗಾಲದ ಬೆಳಿಗ್ಗೆ ಪಂಪ್‌ಸೆಟ್ ಬಿಳಿ ಹೊಗೆ ಬಿಟ್ಟು ಸುಮ್ಮನಾಗುತ್ತದೆ.

ಓಡುವ ಎಂಜಿನ್ನಿನ ನಿಜವಾದ ನಕ್ಷೆಯಲ್ಲಿ ಮೂಲೆಗಳೆಲ್ಲ ಉರುಟಾಗಿರುತ್ತವೆ. ಬೆಂಕಿಗೆ ಸಮಯ ಬೇಕು, ಎಕ್ಸಾಸ್ಟ್ ವಾಲ್ವ್ ಮುಂಚೆಯೇ ತೆರೆಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಬಿಸಿ ಅನಿಲದ γ 1.4ರಲ್ಲಿ ನಿಲ್ಲುವುದಿಲ್ಲ. 1.3 ಎಂದು ಹಾಕಿದರೆ ನಮ್ಮ ಬೈಕಿನ ಶೇ 58.5 ಒಮ್ಮೆಗೇ 48.3ಕ್ಕೆ ಇಳಿಯುತ್ತದೆ. ಗೋಡೆಗೆ ಹೋದ ಶಾಖ, ತಿಕ್ಕಾಟ ಎಲ್ಲ ಕಳೆದು ಚಕ್ರದ ಕಡೆಗೆ ಬರುವುದು ಇಪ್ಪತ್ತೈದು, ಮೂವತ್ತರ ಆಸುಪಾಸು. 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಅವರ ಎಂಜಿನ್ ಪರೀಕ್ಷೆಯಲ್ಲಿ ಶೇ 26.2 ತೋರಿಸಿತ್ತು. ಆಗಿನ ಉಗಿ ಎಂಜಿನ್ನುಗಳಿಗೆ ಅದು ನಿಲುಕದ ಅಂಕಿ.

ಲ್ಯಾಬಿನಲ್ಲಿ ಪ್ರೆಷರ್ ಸೆನ್ಸರ್ ಇದ್ದರೆ ಅದರ ಅಂಕಿಗಳನ್ನು ಲಾಗ್–ಲಾಗ್ ಹಾಳೆಯ ಮೇಲೆ ಇಡಿ. ಅದುಮುವ ಗೆರೆ ನೇರವಾಗುತ್ತದೆ, ಅದರ ಇಳಿಜಾರು 1.3ರಿಂದ 1.35ರ ನಡುವೆ ಬರಬೇಕು. ಗೆರೆ ಬಾಗಿದರೆ ಕ್ಲಿಯರೆನ್ಸ್ ಗಾತ್ರವನ್ನೋ ಒತ್ತಡದ ಸೊನ್ನೆಯನ್ನೋ ತಪ್ಪಾಗಿ ಹಿಡಿದಿದ್ದೀರಿ ಎಂದರ್ಥ.

ಕೊನೆಗೆ ಅದೇ ಗ್ರಾಫ್ ಹಾಳೆಯ ಮೇಲೆ ಇನ್ನೊಂದು ಗೆರೆ ಎಳೆದು ನೋಡಿ. ಟೊಯೋಟಾ ಪ್ರಿಯಸ್ ಹೈಬ್ರಿಡ್ ಕಾರಿನ ಹಿಂದಿನ ಮಾದರಿಗಳಲ್ಲಿ ಪೆಟ್ರೋಲ್ ಎಂಜಿನ್ನಿನ ರೇಶಿಯೊ ಅಳತೆಯಲ್ಲಿ 13. ನಾಕಿಂಗ್ ಆಗಬೇಕಿತ್ತು, ಆಗುವುದಿಲ್ಲ. ಅದರ ಇನ್‌ಲೆಟ್ ವಾಲ್ವನ್ನು ಬೇಕೆಂದೇ ತಡವಾಗಿ ಮುಚ್ಚುತ್ತಾರೆ. ಪಿಸ್ಟನ್ ಮೇಲೇರುತ್ತ ಒಂದಷ್ಟು ಗಾಳಿಯನ್ನು ಹಿಂದಕ್ಕೆ ತಳ್ಳಿದ ಮೇಲಷ್ಟೇ ಅದುಮುವುದು ಶುರು. ಅದುಮುವ ಗೆರೆ ನಿಮ್ಮ ನಕ್ಷೆಯಲ್ಲಿ ಬಲ ತುದಿಯಿಂದ ಹೊರಡದೆ ನಡುದಾರಿಯಿಂದ ಹೊರಡುತ್ತದೆ, ಹಿಗ್ಗುವ ಗೆರೆ ಮಾತ್ರ ಕೊನೆಯವರೆಗೂ ಹೋಗುತ್ತದೆ. ಆ ಬಾಲದಲ್ಲಿ ಸಿಕ್ಕಿದ ಚೌಕಗಳನ್ನು ಎಣಿಸಿ ನೋಡಿ.